ನಾಯಿಯೂ ಬಾಯಿ ಹಾಕದ ಜಗಳ

ಜಪಾನಿನಲ್ಲಿ ಒಂದು ಗಾದೆಯಿದೆ: ‘ಫೂಫು ಗೆಂಕಾ ವ ಇನು ಮೊ ಕುವನು.’ ಫೂಫು ಎಂದರೆ ಗಂಡ ಹೆಂಡತಿ, ಗೆಂಕಾ ಎಂದರೆ ಜಗಳ, ಇನು ಎಂದರೆ ನಾಯಿ. ಪದಕ್ಕೆ ಪದ ಇಟ್ಟರೆ ‘ಗಂಡ ಹೆಂಡಿರ ಜಗಳವನ್ನು ನಾಯಿಯೂ ತಿನ್ನುವುದಿಲ್ಲ’ ಎಂದಾಗುತ್ತದೆ. ಓದಿದವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಜಗಳವನ್ನು ತಿನ್ನುವುದೆಂದರೇನು, ನಾಯಿಗೂ ಸಂಸಾರಕ್ಕೂ ಎತ್ತಣ ಸಂಬಂಧ? ಕನ್ನಡದ ವ್ಯಾಕರಣಕ್ಕೆ ಏನೂ ಊನವಾಗಿಲ್ಲ, ಆದರೆ ಈ ಮಾತನ್ನು ಹೀಗೆ ಆಡುವ ಕನ್ನಡಿಗ ಎಲ್ಲೂ ಸಿಗುವುದಿಲ್ಲ.

ಜಪಾನಿ ಕೇಳುಗನಿಗೆ ಇದರಲ್ಲಿ ಒಗಟೇನೂ ಇಲ್ಲ. ನಾಯಿ ಏನು ಹಾಕಿದರೂ ತಿನ್ನುತ್ತದೆ, ಬೀದಿಯಲ್ಲಿ ಬಿದ್ದದ್ದನ್ನೂ ಬಿಡುವುದಿಲ್ಲ. ಅಂಥ ನಾಯಿಯೇ ತಿರುಗಿ ನೋಡದ ವಸ್ತು ಎಂದರೆ ಗಂಡ ಹೆಂಡಿರ ಜಗಳ. ಆದ್ದರಿಂದ ನೀನು ಅದಕ್ಕೆ ಮೂಗು ತೂರಿಸಬೇಡ. ಪಕ್ಕದ ಮನೆಯ ಕೂಗಾಟ ಕೇಳಿ ಬಿಡಿಸಲು ಹೊರಟವರನ್ನು ತಡೆಯುವಾಗ ಈ ಗಾದೆ ಬರುತ್ತದೆ. ಜಗಳವಾಡುತ್ತಿರುವ ಗಂಡನಿಗೋ ಹೆಂಡತಿಗೋ ಇದನ್ನು ಹೇಳುವುದು ಕಡಿಮೆ.

ಇಷ್ಟು ತಿಳಿದ ಮೇಲೆ ಕನ್ನಡದ ಅನುವಾದಕರಿಗೆ ಮೊದಲು ಹೊಳೆಯುವುದು ‘ನಾಯಿಯೂ ಮೂಸುವುದಿಲ್ಲ’ ಎಂಬ ನುಡಿಗಟ್ಟು. ಕೈಗೆ ಸಿಕ್ಕಿದ್ದೇ ಸರಿಯಾದದ್ದು ಎನಿಸುತ್ತದೆ. ನಾಯಿ ಉಳಿಯಿತು, ಕನ್ನಡವೂ ಆಯಿತು. ಆದರೆ ನಾವು ‘ಅವನನ್ನು ನಾಯಿಯೂ ಮೂಸೋದಿಲ್ಲ’ ಎನ್ನುವಾಗ ಆಡುವುದು ತಿರಸ್ಕಾರದ ಮಾತು. ಆ ದಂಪತಿಗಳು ಕೀಳು, ಅವರ ಬಾಳು ಕೊಳಕು ಎಂಬ ಧ್ವನಿ ಸೇರಿಕೊಳ್ಳುತ್ತದೆ. ಜಪಾನಿ ಗಾದೆಯಲ್ಲಿ ಆ ಹೀಯಾಳಿಕೆ ಇಲ್ಲ. ಅಲ್ಲಿರುವುದು ಒಂದು ಬಗೆಯ ಉದಾಸೀನ, ತುಟಿಯಂಚಿನ ನಗು.

ಎರಡನೆಯ ದಾರಿ ನಮ್ಮದೇ ಗಾದೆ: ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.’ ಸಂದರ್ಭ ಒಂದೇ, ಹೇಳುವವರೂ ಅಂಥವರೇ, ತಡೆಯುವ ಉದ್ದೇಶವೂ ಅದೇ. ಬಹುಪಾಲು ಕಡೆ ಇದನ್ನೇ ಇಟ್ಟುಬಿಡಬಹುದು. ಟೋಕಿಯೋದ ಮುದುಕಿ ಮಂಡ್ಯದವಳಂತೆ ಮಾತಾಡಿಬಿಟ್ಟಳಲ್ಲ ಎಂದು ಕೊರಗಬೇಕಾಗಿಲ್ಲ. ಈ ಗಾದೆಯಲ್ಲಿ ಊಟವಿದೆ, ನಿದ್ದೆಯಿದೆ, ಅವು ಎಲ್ಲ ಊರಿಗೂ ಸೇರಿದ್ದು. ರಾಗಿಮುದ್ದೆಯೋ ಮಾರಮ್ಮನೋ ಇರುವ ಗಾದೆಯಾದರೆ ಮಾತ್ರ ಜಪಾನಿನ ಮುದುಕಿಯ ಬಾಯಲ್ಲಿ ಅದು ಕೂರುವುದಿಲ್ಲ.

ಆದರೂ ಒಂದು ಕೊಕ್ಕೆಯಿದೆ. ನಮ್ಮ ಗಾದೆ ಒಂದು ಭರವಸೆ ಕೊಡುತ್ತದೆ: ರಾತ್ರಿಯ ಹೊತ್ತಿಗೆ ಜಗಳ ಮುಗಿಯುತ್ತದೆ. ಜಪಾನಿ ಗಾದೆ ಹಾಗೆ ಬಾಯಿಬಿಟ್ಟು ಮಾತು ಕೊಡುವುದಿಲ್ಲ. ನಿನಗೇಕೆ ಬೇಕು ಎಂದಷ್ಟೇ ಹೇಳುತ್ತದೆ. ಹೀಗೊಂದು ಕಥೆ ಇಟ್ಟುಕೊಳ್ಳಿ. ಮೊದಲ ಅಧ್ಯಾಯದಲ್ಲಿ ಗೋಡೆಯಾಚೆ ಜಗಳ ಕೇಳಿಸುತ್ತದೆ, ಕಿರಿಯ ಸೊಸೆ ಎದ್ದು ಹೊರಡುತ್ತಾಳೆ, ಅತ್ತೆ ಗಾದೆ ಹೇಳಿ ಕೂರಿಸುತ್ತಾಳೆ. ಹತ್ತನೆಯ ಅಧ್ಯಾಯದಲ್ಲಿ ಆ ದಂಪತಿಗಳು ಬೇರೆಯಾಗುತ್ತಾರೆ. ಅತ್ತೆಯ ಬಾಯಲ್ಲಿ ‘ಉಂಡು ಮಲಗೋ ತನಕ’ ಇಟ್ಟಿದ್ದರೆ ಕನ್ನಡದ ಓದುಗರಿಗೆ ಅವಳ ಅಂದಾಜು ತಪ್ಪಾಯಿತು ಎನಿಸುತ್ತದೆ. ಮೂಲದಲ್ಲಿ ಅವಳು ಅಂದಾಜು ಮಾಡಿಯೇ ಇಲ್ಲ. ಒಂದು ಗಾದೆಯಿಂದ ಒಂದು ಪಾತ್ರದ ಬುದ್ಧಿಮಟ್ಟವೇ ಬದಲಾಗಿಬಿಟ್ಟಿತು. ಇನ್ನೂ ಒಂದು ಸಾಧ್ಯತೆ: ಸೊಸೆ ತಿರುಗಿ ‘ನಾಯಿಗಿಂತ ನಾನು ಕಡೆಯಾ ಅತ್ತೆ?’ ಎಂದು ನಕ್ಕರೆ, ನಾಯಿಯನ್ನು ಕೈಬಿಟ್ಟ ಅನುವಾದಕ ಅಲ್ಲಿ ಸಿಕ್ಕಿಬೀಳುತ್ತಾನೆ.

ಇಂಥ ಕಡೆ ನಾನು ಆರಿಸುವುದು ಇದನ್ನು: ‘ಗಂಡ ಹೆಂಡಿರ ಜಗಳಕ್ಕೆ ನಾಯಿಯೂ ಬಾಯಿ ಹಾಕದು.’ ಕನ್ನಡದಲ್ಲಿ ಬಾಯಿ ಹಾಕುವುದೆಂದರೆ ತಿನ್ನಲು ಹೋಗುವುದೂ ಹೌದು, ನಡುವೆ ಮಾತಾಡುವುದೂ ಹೌದು. ಜಪಾನಿ ಗಾದೆಯ ಎರಡೂ ತುದಿಗಳು, ಅದರ ಚಿತ್ರ ಮತ್ತು ಅದರ ಬುದ್ಧಿವಾದ, ಒಂದೇ ಕ್ರಿಯಾಪದದಲ್ಲಿ ಕೂಡಿದವು. ‘ನಾಯಿ–ಬಾಯಿ’ ಪ್ರಾಸ ಪುಕ್ಕಟೆ. ಇಂಥ ಅದೃಷ್ಟ ದಿನಾ ಬರುವುದಿಲ್ಲ, ಬಂದಾಗ ಬಿಡಬಾರದು.

ಇದೇ ಜಗಳದ ಬಗ್ಗೆ ಇರಾನಿನವರ ಮಾತು ಇನ್ನೊಂದು ಬಗೆ: ‘ಜನ್ ಓ ಶೊಹರ್ ದಾವಾ ಕೊನಂದ್, ಅಬ್ಲಹಾನ್ ಬಾವರ್ ಕೊನಂದ್.’ ಹೆಂಡತಿ ಗಂಡ ಜಗಳ ಮಾಡುತ್ತಾರೆ, ಮೂರ್ಖರು ಅದನ್ನು ನಂಬುತ್ತಾರೆ. (ಇಲ್ಲಿನ ದಾವಾ ನಮ್ಮ ಕೋರ್ಟು ಕಚೇರಿಗಳ ದಾವೆಯ ನಂಟನೇ. ಅಲ್ಲಿ ಅದಕ್ಕೆ ಜಗಳ ಎಂಬ ಅರ್ಥವೂ ಇದೆ, ಇಲ್ಲಿ ಅದು ವಕೀಲರ ಕೈ ಸೇರಿದೆ.) ಇದನ್ನು ಕನ್ನಡಕ್ಕೆ ತರುವಾಗ ಹೆಚ್ಚು ಹೆಣಗಾಡಬೇಕಾಗಿಲ್ಲ. ಪಾರಸಿಯೂ ಕನ್ನಡದ ಹಾಗೆ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಭಾಷೆ. ಅಲ್ಲಿ ‘ಕೊನಂದ್, ಕೊನಂದ್’ ಎಂದು ಎರಡು ಸಾಲೂ ಒಂದೇ ಸದ್ದಿನಲ್ಲಿ ಮುಗಿಯುವಂತೆ ಇಲ್ಲೂ ಮುಗಿಸಬಹುದು: ‘ಗಂಡ ಹೆಂಡಿರು ಕಿತ್ತಾಡಿದರು, ಪೆದ್ದರು ನಿಜವೆಂದು ನಂಬಿದರು.’ ಅರ್ಥಕ್ಕಾಗಿ ಪದ ಬಿಡಬೇಕು ಎನ್ನುವವರು ಇದನ್ನೂ ನೆನಪಿಡಬೇಕು. ಪದಗಳೇ ಅರ್ಥವನ್ನು ಹೊತ್ತು ಬರುತ್ತಿರುವಾಗ ಅವನ್ನು ಇಳಿಸಿ ಬೇರೇನನ್ನೋ ಹೊರಿಸುವುದು ಜಾಣತನವಲ್ಲ. ಇಲ್ಲಿ ‘ಉಂಡು ಮಲಗೋ ತನಕ’ ಹಾಕಿದರೆ ಗಾದೆಯ ತಿರುಳೇ ಹೋಗುತ್ತದೆ, ಏಕೆಂದರೆ ಇರಾನಿನ ಗಾದೆ ಗೇಲಿ ಮಾಡುವುದು ಜಗಳವನ್ನು ನಿಜವೆಂದುಕೊಂಡು ಪಕ್ಷ ವಹಿಸಿದವರನ್ನು. ನಾಳೆ ಗಂಡ ಹೆಂಡತಿ ಒಂದಾಗುತ್ತಾರೆ, ಬೈಗುಳ ತಿನ್ನುವವರು ಇವರು.

ಚೀನಿಯರಲ್ಲೂ ಇದಕ್ಕೊಂದು ಮಾತಿದೆ: ಮಂಚದ ತಲೆಯ ಕಡೆ ಜಗಳ, ಮಂಚದ ಕಾಲ ಕಡೆ ರಾಜಿ. ಇದಕ್ಕೆ ನಮ್ಮ ಗಾದೆ ಹಾಗೆಯೇ ಹೊಂದುತ್ತದೆ. ಹೆಚ್ಚು ಹೇಳುವುದೇನೂ ಇಲ್ಲ.

ನಮ್ಮ ಗಾದೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಗಂಡ, ಹೆಂಡಿರ, ಉಂಡು. ಮೂರು ಪದಗಳಲ್ಲೂ ಎರಡನೆಯ ಅಕ್ಷರದ ಜಾಗದಲ್ಲಿ ‘ಂಡ’ ಸದ್ದು ಕೂತಿದೆ. ಇದು ನಮ್ಮ ಹಳೆಯ ಕವಿಗಳ ಆದಿಪ್ರಾಸ. ಓದು ಬರಹ ಬಾರದ ಅಜ್ಜಿಯರಿಗೂ ಅದು ಕಿವಿಯಿಂದಲೇ ಬಂದಿತ್ತು. ಯುರೋಪಿನ ಭಾಷೆಗಳ ಗಾದೆಗಳಲ್ಲಿ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಯಲ್ಲಿರುತ್ತದೆ. ಅಲ್ಲಿಂದ ತರುವಾಗ ಕೊನೆಯ ಪ್ರಾಸಕ್ಕೇ ಜೋತುಬಿದ್ದರೆ ಕನ್ನಡ ಹುಡುಗಾಟದ ಪದ್ಯದಂತಾಗುವುದು ಸುಲಭ. ಪ್ರಾಸವನ್ನು ಪದಗಳ ಮೊದಲ ಭಾಗಕ್ಕೆ ತಂದರೆ ಅದೇ ಮಾತು ಗಾದೆಯಂತೆ ಕೇಳುತ್ತದೆ.

ರಷ್ಯನ್ನರ ಒಂದು ಗಾದೆ ಇದಕ್ಕೆ ಒಳ್ಳೆಯ ಪರೀಕ್ಷೆ: ‘ಲ್ಯುಬೊವ್ ಜ್ಲಾ, ಪೊಲ್ಯುಬಿಶ್ ಇ ಕಜ್ಲಾ.’ ಪ್ರೀತಿ ಕೆಟ್ಟದ್ದು, ಹೋತವನ್ನೂ ಪ್ರೀತಿಸಿಬಿಡುತ್ತೀಯೆ. ಜ್ಲಾ ಎಂದರೆ ಕೆಟ್ಟದ್ದು, ಕ್ರೂರವಾದದ್ದು. ಕಜ್ಲಾ ಎಂಬುದು ಹೋತ ಎಂಬ ಪದದ ರೂಪ. ಹೋತವೇ ಏಕೆ ಬಂತು ಎಂದರೆ ಮೊದಲ ಕಾರಣ ಈ ಪ್ರಾಸ. ಎರಡನೆಯದು, ರಷ್ಯನ್ನಿನಲ್ಲಿ ಹೋತ ಎಂಬುದು ಗಂಡಸಿಗೆ ಬಯ್ಯುವ ಬೈಗುಳವೂ ಹೌದು. ಒರಟ, ನೀಚ ಎಂಬ ಅರ್ಥದ್ದು. ಅಯೋಗ್ಯನೊಬ್ಬನಿಗೆ ಮನಸ್ಸು ಕೊಟ್ಟ ಹೆಣ್ಣನ್ನು ಕಂಡು ಗೆಳತಿಯರು ನಿಟ್ಟುಸಿರು ಬಿಟ್ಟು ಹೇಳುವ ಮಾತಿದು.

ಇಲ್ಲಿ ಸುಲಭದ ಬಲೆಗಳು ಎರಡು. ಒಂದು, ‘ಹೆತ್ತವರಿಗೆ ಹೆಗ್ಗಣ ಮುದ್ದು’. ಚಿತ್ರ ಹತ್ತಿರ, ನಗುವೂ ಹತ್ತಿರ, ಆದರೆ ಅದು ತಾಯ್ತಂದೆಯರ ಮಮತೆಯ ಗಾದೆ. ಪ್ರಣಯದ ಸಂದರ್ಭಕ್ಕೆ ತಂದರೆ ಕೇಳಿದವರು ‘ಇವಳು ಯಾರ ಮಗುವಿನ ವಿಷಯ ಹೇಳುತ್ತಿದ್ದಾಳೆ’ ಎನ್ನುತ್ತಾರೆ. ಇನ್ನೊಂದು, ಹಿಂದಿಯ ಪರಿಚಿತ ಮಾತು: ಮನಸ್ಸು ಹೆಣ್ಣುಕತ್ತೆಯ ಮೇಲೆ ಬಿದ್ದರೆ ಅಪ್ಸರೆ ಯಾವ ಲೆಕ್ಕ ಎಂಬುದು. ಅಲ್ಲಿ ಗಧೀ, ಪರೀ ಎಂಬ ಪ್ರಾಸವಿದೆ. ಇದು ಹೋತದ ಗಾದೆಗೆ ಅವಳಿಯಂತೆ ಕಾಣುತ್ತದೆ. ಆದರೆ ಅದರಲ್ಲಿ ಮರುಳಾದವನು ಗಂಡು, ಗೇಲಿಗೊಳಗಾದವಳು ಹೆಣ್ಣು. ರಷ್ಯನ್ ಗಾದೆಯಲ್ಲಿ ಅದು ತಿರುಗುಮುರುಗು. ಹಿಂದಿಯ ದಾರಿ ಹಿಡಿದು ಬಂದ ಅನುವಾದ ಬಯ್ಯಬೇಕಾದವನನ್ನು ಬಿಟ್ಟು ಹೆಣ್ಣನ್ನು ಬಯ್ಯುತ್ತದೆ. ಗಂಡು ಹೆಣ್ಣಿನ ಗಾದೆಗಳಲ್ಲಿ ಯಾರು ಯಾರನ್ನು ಆಡಿಕೊಳ್ಳುತ್ತಿದ್ದಾರೆ ಎಂಬುದನ್ನು ಮೊದಲು ನೋಡಬೇಕು, ಪ್ರಾಣಿ ಯಾವುದೆಂಬುದನ್ನು ಆಮೇಲೆ.

ಹಾಗಾದರೆ ಕನ್ನಡದಲ್ಲಿ? ಹೋತ ನಮ್ಮಲ್ಲಿ ಅಷ್ಟೊಂದು ಬಳಕೆಯ ಬೈಗುಳವಲ್ಲ. ಪ್ರೀತಿ ಎಂಬ ಪದಕ್ಕೆ ಪ್ರಾಸವಾಗಿ ನಮ್ಮ ಮರಗಳ ಮೇಲೆಯೇ ಒಂದು ಪ್ರಾಣಿ ಕೂತಿದೆ. ‘ಪ್ರೀತಿ ಬಂದರೆ ಕೋತಿಯೂ ಚೆಲುವ’ ಎಂದು ಮೊದಲು ಹೊಳೆಯಬಹುದು. ಚೆನ್ನಾಗಿಯೇ ಇದೆ, ಆದರೆ ಸಿಹಿಯಾಯಿತು. ಪ್ರೀತಿಯನ್ನು ಬಯ್ಯುವ ‘ಜ್ಲಾ’ದ ಕಹಿ ಇದರಲ್ಲಿಲ್ಲ. ಇನ್ನೊಮ್ಮೆ ತಿರುಗಿಸಿ: ‘ಹಾಳು ಪ್ರೀತಿ, ಕೋತಿಗೂ ಸೋತೀತು.’ ಪ್ರೀತಿ, ಕೋತಿ, ಸೋತೀತು ಎಂದು ತಕಾರ ಬಡಿಯುತ್ತ ಹೋಗುತ್ತದೆ, ‘ಹಾಳು’ ಎಂಬುದು ಜ್ಲಾದ ಕೆಲಸ ಮಾಡುತ್ತದೆ, ಸೋಲುವುದು ಎಂದರೆ ಮನಸೋಲುವುದು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೂ ಒಂದು ಮಿತಿಯಿದೆ. ಕೋತಿ ಎಂದು ನಾವು ಮಕ್ಕಳನ್ನೂ ಮುದ್ದಿನಿಂದ ಕರೆಯುತ್ತೇವೆ. ಕಥೆಯ ಆ ಗಂಡಸು ನಿಜಕ್ಕೂ ಕ್ರೂರಿಯಾಗಿದ್ದರೆ ಕೋತಿ ಅವನಿಗೆ ಹಗುರವಾದ ಶಿಕ್ಷೆ. ಆಗ ಪ್ರಾಸದ ಆಸೆ ಬಿಟ್ಟು ‘ಪ್ರೀತಿ ಹಾಳಾದ್ದು, ಎಂಥ ನೀಚನಿಗೂ ಮನಸೋಲಿಸುತ್ತೆ’ ಎಂದು ನೇರ ಹೇಳುವುದೇ ಮೇಲು.

ದೂರದ ಭಾಷೆಗಳಷ್ಟೇ ತೊಡಕು ಎಂದುಕೊಳ್ಳಬೇಡಿ. ತಮಿಳಿನ ‘ಕಲ್ಲಾನಾಲುಂ ಕಣವನ್, ಪುಲ್ಲಾನಾಲುಂ ಪುರುಷನ್’ ಎಂಬ ಗಾದೆ ನಮಗೆ ಅನುವಾದವೇ ಬೇಡ ಎನ್ನುವಷ್ಟು ಹತ್ತಿರ. ಕಲ್ಲಾದರೂ ಗಂಡ, ಹುಲ್ಲಾದರೂ ಗಂಡ. ಆದರೆ ತಮಿಳಿನಲ್ಲಿ ಕಲ್ಲಿಗೆ ಕಣವನ್, ಪುಲ್ಲಿಗೆ ಪುರುಷನ್ ಎಂದು ಮೊದಲ ಅಕ್ಷರಗಳು ಜೋಡಿಯಾಗಿವೆ. ಹಳಗನ್ನಡದ ಪಕಾರ ನಡುಗನ್ನಡದ ಕಾಲಕ್ಕೆ ಹಕಾರವಾಗಿ, ನಮ್ಮ ಪುಲ್ಲು ಹುಲ್ಲಾಯಿತು. ಪುರುಷ ಸಂಸ್ಕೃತದ ಪದವಾದ್ದರಿಂದ ಹಾಗೆಯೇ ಉಳಿಯಿತು. ಪಂಪನ ಕಾಲದ ಕನ್ನಡಿಗನಿಗೆ ಈ ಜೋಡಿ ಹಾಗೆಯೇ ಕೂಡಿಬರುತ್ತಿತ್ತು, ನಮಗೆ ಬರುವುದಿಲ್ಲ. ಕಲ್ಲು ಹುಲ್ಲುಗಳ ಪ್ರಾಸ ಉಳಿದಿರುವುದರಿಂದ ಹೆಚ್ಚು ನಷ್ಟವೇನೂ ಇಲ್ಲ, ಅಷ್ಟೇ ಸಮಾಧಾನ.

ಇನ್ನು ಕನ್ನಡದಿಂದ ಹೊರಗೆ ಹೋಗುವ ಗಾದೆಗಳ ವಿಚಾರ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು.’ ಇಂಗ್ಲಿಷಿಗೆ ಹೋಗುವಾಗ ಇದು ‘ಮದುವೆಯಾಗಿ ನೋಡು’ ಎಂದಾಗಿಬಿಡುವ ಅಪಾಯ ಸದಾ ಇರುತ್ತದೆ. ಹಾಗಾದ ಕೂಡಲೇ ಪರದೇಶದ ಓದುಗ ಇದನ್ನು ದಾಂಪತ್ಯದ ಕಷ್ಟಸುಖದ ಗಾದೆ ಎಂದುಕೊಳ್ಳುತ್ತಾನೆ. ಸಂಸಾರ ನಡೆಸಿ ನೋಡು, ಗೊತ್ತಾಗುತ್ತೆ ಎಂಬ ಹಾಗೆ. ಗಾದೆ ಹೇಳುತ್ತಿರುವುದು ‘ಮಾಡಿ’ ಎಂದು. ಮದುವೆ ಮಾಡುವವರು ಅಪ್ಪ ಅಮ್ಮ. ಛತ್ರ, ಒಡವೆ, ಊಟದೆಲೆ, ಬೀಗರ ಉಪಚಾರ, ಕೊನೆಗೆ ಸಾಲ. ಮನೆ ಕಟ್ಟುವುದರ ಪಕ್ಕದಲ್ಲಿ ಅದು ಕೂತಿರುವುದೂ ಇದಕ್ಕೇ: ಎರಡರಲ್ಲೂ ಲೆಕ್ಕ ಹಾಕಿದ್ದೇ ಒಂದು, ಖರ್ಚಾದದ್ದೇ ಒಂದು. ಪ್ರೀತಿಗೂ ಈ ಗಾದೆಗೂ ಸಂಬಂಧವೇ ಇಲ್ಲ, ಇರುವುದು ಗಂಟಿಗೆ.

ತೆಲುಗು ತಮಿಳಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅವರಲ್ಲೂ ಇದೇ ಗಾದೆಯಿದೆ. ವಿಜಯಾ ಸಂಸ್ಥೆ 1952ರಲ್ಲಿ ತೆಲುಗಿನಲ್ಲಿ ‘ಪೆಳ್ಳಿ ಚೇಸಿ ಚೂಡು’ ಎಂಬ ಚಿತ್ರ ತೆಗೆಯಿತು. ಅದೇ ವರ್ಷ ಅದು ತಮಿಳಿನಲ್ಲಿ ‘ಕಲ್ಯಾಣಂ ಪಣ್ಣಿ ಪಾರ್’ ಆಯಿತು, 1965ರಲ್ಲಿ ರಾಜ್‌ಕುಮಾರ್ ಅಭಿನಯದ ‘ಮದುವೆ ಮಾಡಿ ನೋಡು’ ಆಗಿ ಕನ್ನಡಕ್ಕೆ ಬಂತು. ಮೂರೂ ಹೆಸರುಗಳು ಪದಕ್ಕೆ ಪದ ಒಂದೇ, ‘ಮಾಡಿ’ಯೂ ‘ನೋಡು’ವೂ ಸೇರಿ. ವರದಕ್ಷಿಣೆಯ ಸುತ್ತ ಹೆಣೆದ ಕಥೆಗೆ ಗಾದೆಯ ಅರ್ಧವೇ ಹೆಸರಾಗಿ ಸಾಕಾಯಿತು. ಇಂಗ್ಲಿಷಿನ ಓದುಗನಿಗಾದರೆ ಮಾತ್ರ ಗಾದೆಯ ವೇಷ ಕಳಚಿ, ಮಗಳ ಮದುವೆ ಮಾಡಿದವನಿಗೆ, ಮನೆ ಕಟ್ಟಿಸಿದವನಿಗೆ ದುಡ್ಡಿನ ಬಿಸಿ ಗೊತ್ತು ಎಂಬ ಸಾದಾ ವಾಕ್ಯವನ್ನೇ ಕೊಡುವುದು ಒಳ್ಳೆಯದು.

ಎಲ್ಲಕ್ಕಿಂತ ನುಣುಚಿಕೊಳ್ಳುವುದು ನಂಬಿಕೆಯ ಮೇಲೆ ನಿಂತ ಗಾದೆ. ‘ಮದುವೆಗಳು ಸ್ವರ್ಗದಲ್ಲಿ ನಿಶ್ಚಯವಾಗಿರುತ್ತವೆ’ ಎಂದು ಈಗ ಎಲ್ಲರೂ ಹೇಳುತ್ತಾರೆ. ಇದು ಇಂಗ್ಲಿಷಿನಿಂದ ಬಂದ ಮಾತು. ನಮ್ಮ ಪುರಾಣಗಳ ಸ್ವರ್ಗದಲ್ಲಿ ಇಂದ್ರನಿದ್ದಾನೆ, ರಂಭೆಯಿದ್ದಾಳೆ, ಪುಣ್ಯ ಮಾಡಿದವರು ಸುಖಪಡುತ್ತಿದ್ದಾರೆ. ಅಲ್ಲಿ ಯಾರೂ ಕೂತು ಹೆಣ್ಣು ಗಂಡು ಗೊತ್ತು ಮಾಡುವುದಿಲ್ಲ. ಆ ಕೆಲಸ ಹಣೆಬರಹ ಬರೆಯುವ ಬ್ರಹ್ಮನದು, ಅದಕ್ಕೇ ಬ್ರಹ್ಮಗಂಟು ಎಂಬ ಮಾತು. ಆದರೂ ಸ್ವರ್ಗದ ಗಾದೆ ಈಗ ಬಳಸಿ ಬಳಸಿ ನಮ್ಮದೇ ಆಗಿದೆ, ಅದನ್ನು ಓಡಿಸುವ ಹುರುಪು ನನಗಿಲ್ಲ.

ಆದರೆ ಇಂಗ್ಲಿಷಿನ ಮೂಲಕವೇ ಎಲ್ಲವನ್ನೂ ತರಿಸಿಕೊಳ್ಳುವ ಅಭ್ಯಾಸ ಇನ್ನೊಂದು ಕಡೆ ನಿಜವಾಗಿ ನಷ್ಟ ಮಾಡುತ್ತದೆ. ಚೀನಿಯರಲ್ಲಿ ಯುವಾನ್ ಎಂಬ ಕಲ್ಪನೆಯಿದೆ. ಯುವಾನ್ ಇದ್ದವರು ಸಾವಿರ ಲೀ ದೂರದಿಂದ ಬಂದಾದರೂ ಕೂಡುತ್ತಾರೆ, ಇಲ್ಲದವರು ಎದುರುಬದುರು ನಿಂತರೂ ಸಂಧಿಸುವುದಿಲ್ಲ ಎಂಬುದು ಅವರ ಗಾದೆ. ಲೀ ಎಂಬುದು ಅವರ ದೂರದ ಅಳತೆ, ಈಗಿನ ಲೆಕ್ಕದಲ್ಲಿ ಅರ್ಧ ಕಿಲೋಮೀಟರು. ಇಂಗ್ಲಿಷಿನವರು ಯುವಾನ್ ಪದವನ್ನು ಸಾಮಾನ್ಯವಾಗಿ ವಿಧಿ ಎಂಬರ್ಥದ ಪದದಿಂದ ಹೇಳುತ್ತಾರೆ, ನಾವು ಅದನ್ನೇ ಹಿಡಿದು ‘ವಿಧಿಯಿದ್ದರೆ ಐನೂರು ಕಿಲೋಮೀಟರು’ ಎಂದು ಬರೆದು ಕೂರುತ್ತೇವೆ. ವಿಧಿ ಒಬ್ಬನ ತಲೆಯ ಮೇಲೆ ಬಂದು ಬೀಳುವಂಥದು. ಯುವಾನ್ ಇಬ್ಬರ ನಡುವೆ ಇರುವಂಥದು. ಬೌದ್ಧ ಗ್ರಂಥಗಳನ್ನು ಚೀನಿಗೆ ತಂದವರು ಕಾರಣ ಕಾರ್ಯಗಳ ಚರ್ಚೆಯಲ್ಲಿ ಬರುವ ‘ಪ್ರತ್ಯಯ’ ಎಂಬ ಸಂಸ್ಕೃತ ಪದಕ್ಕೆ ಇದೇ ಅಕ್ಷರವನ್ನು ಬಳಸಿದ್ದರು. ಹಿಂದಿನ ಯಾವುದೋ ಕಾರಣ ಇಂದು ಇಬ್ಬರನ್ನು ಒಂದೆಡೆ ತರುತ್ತದೆ ಎಂಬ ಭಾವನೆ ಅದರ ಹಿಂದಿದೆ.

ಇದಕ್ಕೆ ಕನ್ನಡದಲ್ಲಿ ಹಳ್ಳಿಯ ಮನೆಮನೆಯಲ್ಲೂ ಆಡುವ ಪದವಿದೆ: ಋಣ. ಹುಡುಗಿ ನೋಡಲು ಬಂದ ಸಂಬಂಧ ಮುರಿದುಬಿದ್ದರೆ ‘ಋಣ ಇಲ್ಲ ಬಿಡಿ’ ಎನ್ನುತ್ತೇವೆ. ಚೀನಿಯರು ಯುವಾನ್ ಮುಗಿಯಿತು ಎನ್ನುವ ಕಡೆ ನಾವು ‘ಋಣ ತೀರಿತು’ ಎನ್ನುತ್ತೇವೆ. ಋಣದಲ್ಲಿ ಸಾಲದ ಲೆಕ್ಕವಿದೆ, ಯುವಾನ್‌ನಲ್ಲಿ ಅದು ಅಷ್ಟಾಗಿ ಇಲ್ಲ. ಆ ವ್ಯತ್ಯಾಸ ಉಳಿಯುತ್ತದೆ. ಹಾಗಿದ್ದರೂ ಇಂಗ್ಲಿಷಿಗಿಂತ ಕನ್ನಡ ಇಲ್ಲಿ ಮೂಲಕ್ಕೆ ಹತ್ತಿರ. ದೂರಕ್ಕೂ ಕಿಲೋಮೀಟರು ಬೇಡ, ಅಳತೆ ಮುಖ್ಯವಲ್ಲದ ಕಡೆ ನಮ್ಮ ಹಳೆಯ ಹರದಾರಿ ಸಾಕು: ‘ಋಣವಿದ್ದರೆ ಸಾವಿರ ಹರದಾರಿ ದಾಟಿ ಬಂದಾರು, ಇಲ್ಲದಿದ್ದರೆ ಎದುರಿಗಿದ್ದೂ ಕಾಣರು.’

ಕೊನೆಗೆ, ಸಮಾನ ಗಾದೆ ಹುಡುಕಲೇಬಾರದ ಜಾಗವೂ ಒಂದಿದೆ. ರಷ್ಯನ್ನರಲ್ಲಿ ‘ಬ್ಯೋತ್ ಜ್ನಾಚಿತ್ ಲ್ಯೂಬಿತ್’ ಎಂಬ ಹಳೆಯ ಮಾತಿದೆ. ಹೊಡೆಯುತ್ತಾನೆ ಎಂದರೆ ಪ್ರೀತಿಸುತ್ತಾನೆ ಎಂದರ್ಥ. 2017ರಲ್ಲಿ ಆ ದೇಶ ಮನೆಯೊಳಗಿನ ಹೊಡೆತವನ್ನು, ಮೊದಲ ಸಲದ್ದಾಗಿದ್ದು ದೊಡ್ಡ ಗಾಯವಾಗದಿದ್ದರೆ, ಕ್ರಿಮಿನಲ್ ಅಪರಾಧದ ಸಾಲಿನಿಂದ ತೆಗೆದಾಗ ಈ ಗಾದೆ ಮತ್ತೆ ಚರ್ಚೆಗೆ ಬಂತು. ಇದನ್ನು ಕನ್ನಡಕ್ಕೆ ತರುವವರು ಮುದ್ದಿನ ಏಟು, ಹುಸಿಮುನಿಸು ಎಂದೆಲ್ಲ ಮೆದು ಮಾಡಿದರೆ ಗಾದೆಯ ಪರ ವಕಾಲತ್ತು ವಹಿಸಿದ ಹಾಗಾಗುತ್ತದೆ. ‘ಹೊಡೆದರೆ ಒಲಿದಂತೆ’ ಎಂದು ಅದರ ಒರಟುತನದಲ್ಲೇ ಬಿಡಬೇಕು.

ನಮ್ಮ ‘ಉಂಡು ಮಲಗೋ ತನಕ’ವೂ ಸಾಧುವಾಗಿ ಕಾಣುತ್ತದೆ, ಆದರೆ ಎಷ್ಟೋ ಪಂಚಾಯಿತಿಗಳಲ್ಲಿ ಅದೇ ಮಾತು ಹೇಳಿ ಹೊಡೆತ ತಿಂದ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಹಿಂದಕ್ಕೆ ಕಳಿಸಲಾಗಿದೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಮ್ಮಲ್ಲಿ ಬಂದದ್ದು 2005ರಲ್ಲಿ. ಹೊರರಾಜ್ಯದಲ್ಲೋ ಪರದೇಶದಲ್ಲೋ ಇರುವ ಕನ್ನಡದ ಹೆಣ್ಣುಮಗಳೊಬ್ಬಳು ದೂರು ಕೊಡುವಾಗ ‘ಊರಿನ ದೊಡ್ಡವರು ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದರು’ ಎಂದು ಹೇಳಿದಳು ಎನ್ನಿ. ಅಲ್ಲಿ ದುಭಾಷಿಯಾಗಿ ಕೂತವರು ಇಂಗ್ಲಿಷಿನಲ್ಲೊಂದು ಸರಸದ ಗಾದೆ ಹುಡುಕಿಕೊಟ್ಟರೆ ಅವಳ ಹೇಳಿಕೆಯೇ ಸರಸವಾಗಿಬಿಡುತ್ತದೆ. ಬರೆದುಕೊಳ್ಳುವವರ ಕೈಗೆ ಎರಡನ್ನೂ ಕೊಡಬೇಕು: ಗಂಡ ಹೆಂಡಿರ ಜಗಳ ಉಂಡು ಮಲಗುವವರೆಗೆ ಮಾತ್ರ ಎಂಬ ಅದರ ಪದಗಳನ್ನು ಹಾಗೆಯೇ ಒಂದು ಸಾಲಿನಲ್ಲಿ, ಹೊರಗಿನವರು ನಡುವೆ ಬರುವುದಿಲ್ಲ ಎಂದು ತಿಳಿಸಲು ಊರಿನವರು ಬಳಸುವ ಮಾತಿದು ಎಂಬುದನ್ನು ಅದರ ಕೆಳಗಿನ ಸಾಲಿನಲ್ಲಿ.